ಅಮ್ಮನ ಒಡವೆ: ಮಗಳಿಗೆಷ್ಟು, ಸೊಸೆಗೆಷ್ಟು?

ಪ್ರಶ್ನೆ: ಮೇಡಂ, ನಮ್ಮದು ಹಾಸನದ ಹತ್ತಿರದ ಹಳ್ಳಿ, ಹಿಂದೂ ಕುಟುಂಬ. ಅಮ್ಮ ತೀರಿಕೊಂಡು ಎಂಟು ತಿಂಗಳಾಯಿತು, ವಿಲ್ ಬರೆದಿಲ್ಲ. ಅವರ ಒಡವೆಗಳು ಬ್ಯಾಂಕ್ ಲಾಕರಿನಲ್ಲಿವೆ, ಸುಮಾರು ಅರ್ಧ ಕಿಲೋ ಇರಬಹುದು. ಲಾಕರ್ ಅಮ್ಮನ ಹೆಸರಿನಲ್ಲಿದೆ, ತಮ್ಮ ನಾಮಿನಿ. ಅಪ್ಪ ಇದ್ದಾರೆ. ಅಣ್ಣ ಆರು ವರ್ಷದ ಹಿಂದೆ ಅಪಘಾತದಲ್ಲಿ ಹೋದರು, ಅತ್ತಿಗೆ ಮತ್ತು ಇಬ್ಬರು ಚಿಕ್ಕ ಮಕ್ಕಳಿದ್ದಾರೆ. ಅತ್ತಿಗೆಯ ಮದುವೆಯ ಒಡವೆಯೂ ಅದೇ ಲಾಕರಿನಲ್ಲಿದೆ. ಅಕ್ಕ ವಿಧವೆ, ಮಕ್ಕಳಿಲ್ಲ. "ನಾಮಿನಿ ನಾನು, ನಿಮಗೆಲ್ಲ ಮದುವೆಯಲ್ಲಿ ಹಾಕಿದ್ದಾಗಿದೆ" ಎನ್ನುತ್ತಾನೆ ತಮ್ಮ. ಕಾಸಿನ ಸರವನ್ನು ಅತ್ತೆಯೇ ಕೊಟ್ಟರೆಂದು ತಮ್ಮನ ಹೆಂಡತಿ ಇಟ್ಟುಕೊಂಡಿದ್ದಾಳೆ. ತಾಯಿಯ ಒಡವೆ ಹೆಣ್ಣುಮಕ್ಕಳಿಗೇ ಸೇರಬೇಕು ಎಂದು ಚಿಕ್ಕಮ್ಮ ಹೇಳುತ್ತಾರೆ. ಯಾರ ಮಾತು ಸರಿ?

ಉತ್ತರ: ಮೂವರ ಮಾತೂ ಪೂರ್ತಿ ಸರಿಯಲ್ಲ. ಚಿಕ್ಕಮ್ಮನ ಮಾತಿಗೆ ಮಾತ್ರ ಹಳೆಯದೊಂದು ಆಧಾರವಿದೆ.

ಕಲ್ಯಾಣದ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ಬರೆದ ಮಿತಾಕ್ಷರವು ತಾಯಿಯ ಸ್ತ್ರೀಧನವನ್ನು ಮೊದಲು ಹೆಣ್ಣುಮಕ್ಕಳಿಗೇ ಕೊಡುತ್ತಿತ್ತು. ಅವರಲ್ಲೂ ಮದುವೆಯಾಗದವಳಿಗೆ ಮೊದಲ ಹಕ್ಕು, ಆಮೇಲೆ ಮದುವೆಯಾಗಿಯೂ ಅನುಕೂಲವಿಲ್ಲದವಳಿಗೆ, ಕೊನೆಗೆ ಅನುಕೂಲಸ್ಥಳಿಗೆ. ಹಿಂದೂ ಕುಟುಂಬಗಳು ಶತಮಾನಗಳ ಕಾಲ ನಡೆಸಿಕೊಂಡು ಬಂದ ನಿಯಮವದು, ಆದ್ದರಿಂದ ಜನರ ಬಾಯಲ್ಲಿ ಇನ್ನೂ ಉಳಿದಿದೆ. ಕಾನೂನಿನಲ್ಲಿ ಮಾತ್ರ ಉಳಿದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದಂದೇ ಹಳೆಯ ಕ್ರಮ ಮುಗಿಯಿತು. ಆ ಕಾಯಿದೆಯ 14ನೇ ಕಲಮಿನ ಪ್ರಕಾರ ಹೆಣ್ಣಿಗೆ ತವರಿನಿಂದ, ಗಂಡನಿಂದ, ಸ್ವಂತ ದುಡಿಮೆಯಿಂದ ಬಂದದ್ದೆಲ್ಲ ಅವಳ ಪೂರ್ಣ ಸ್ವತ್ತು. ಬದುಕಿರುವಷ್ಟು ಕಾಲ ಯಾರಿಗೆ ಬೇಕಾದರೂ ಕೊಡಬಹುದು, ವಿಲ್ ಬರೆಯಬಹುದು. ಬರೆಯದೆ ಹೋದರೆ 15 ಮತ್ತು 16ನೇ ಕಲಮುಗಳು ಹೇಳಿದಂತೆ ಹಂಚಿಕೆಯಾಗುತ್ತದೆ. ಒಡವೆಗೆಂದು ಬೇರೆ ನಿಯಮವಿಲ್ಲ. ಜಮೀನು ಹೋಗುವ ದಾರಿಯಲ್ಲೇ ಜುಮುಕಿಯೂ ಹೋಗುತ್ತದೆ.

ನಿಮ್ಮ ಮನೆಯಲ್ಲಿ ಆ ದಾರಿ ಹೀಗಿದೆ. ಮೊದಲ ಸಾಲಿನ ವಾರಸುದಾರರು ಮಕ್ಕಳು ಮತ್ತು ಗಂಡ. ತೀರಿಹೋದ ಮಗನ ಅಥವಾ ಮಗಳ ಮಕ್ಕಳು ತಮ್ಮ ತಂದೆಯ ಅಥವಾ ತಾಯಿಯ ಜಾಗದಲ್ಲಿ ನಿಲ್ಲುತ್ತಾರೆ. ಹಾಗಾಗಿ ಒಟ್ಟು ಐದು ಸಮಪಾಲು: ಅಪ್ಪ, ಅಕ್ಕ, ನೀವು, ತಮ್ಮ, ಮತ್ತು ಅಣ್ಣನ ಪಾಲಾಗಿ ಅವರ ಇಬ್ಬರು ಮಕ್ಕಳು ಸೇರಿ ಒಂದು. ಅಪ್ಪನಿಗೂ ಪಾಲಿದೆ ಎಂಬುದನ್ನು ಹೆಚ್ಚಿನವರು ಮರೆತೇಬಿಡುತ್ತಾರೆ. ಹೆಂಡತಿಯ ಒಡವೆ ಕೇಳುವುದೆಂದರೆ ಅಪ್ಪಂದಿರಿಗೂ ಒಂದು ಬಗೆಯ ಸಂಕೋಚ.

ಮದುವೆಯಲ್ಲಿ ಹಾಕಿದ್ದಾಗಿದೆ ಎಂಬ ತಮ್ಮನ ವಾದ ಕಾನೂನಿನ ಲೆಕ್ಕಕ್ಕೆ ಬರುವುದಿಲ್ಲ. ಮದುವೆಯಲ್ಲಿ ಕೊಟ್ಟದ್ದು ಉಡುಗೊರೆ, ಅದನ್ನು ತಾಯಿಯ ಆಸ್ತಿಯ ಪಾಲಿನಿಂದ ಕಳೆಯಲು ಕಾಯಿದೆಯಲ್ಲಿ ಅವಕಾಶವಿಲ್ಲ. ಹಾಗೆ ಕಳೆಯುವುದಾದರೆ ಅವನ ಓದಿಗೆ ಸುರಿದದ್ದನ್ನೂ ಕಳೆಯಬೇಕಾಗುತ್ತಿತ್ತು. ಇದು ಅಮ್ಮನ ತವರಿನ ಒಡವೆ, ಅದು ಅಪ್ಪ ಮಾಡಿಸಿದ್ದು ಎಂದು ವಿಂಗಡಿಸುತ್ತ ಕೂರುವುದೂ ವ್ಯರ್ಥ. ಮಕ್ಕಳಿರುವ ಹೆಂಗಸಿನ ಒಡವೆ ಎಲ್ಲಿಂದ ಬಂತೆಂಬುದು ಹಂಚಿಕೆಯನ್ನು ಬದಲಿಸುವುದಿಲ್ಲ.

(ನೀವು ದಕ್ಷಿಣ ಕನ್ನಡದ ಅಳಿಯಸಂತಾನದ ಕುಟುಂಬದವರಾಗಿದ್ದರೆ ಉತ್ತರ ಬೇರೆಯಾಗುತ್ತಿತ್ತು. ಅಲ್ಲಿ 17ನೇ ಕಲಮಿನ ಪ್ರಕಾರ ಮೊದಲ ಸಾಲಿನಲ್ಲಿ ಮಕ್ಕಳ ಜೊತೆ ನಿಲ್ಲುವುದು ತೀರಿಕೊಂಡವಳ ತಾಯಿ. ಗಂಡ ಎರಡನೆಯ ಸಾಲಿಗೆ ಹೋಗುತ್ತಾನೆ. ಮುಸ್ಲಿಂ ಮತ್ತು ಕ್ರೈಸ್ತ ಕುಟುಂಬಗಳ ನಿಯಮಗಳೇ ಬೇರೆ.)

ಈಗ ಸೊಸೆಯಂದಿರ ವಿಷಯ. ಅತ್ತೆಗೆ ಸೊಸೆ ವಾರಸುದಾರಳಲ್ಲ. ಮಕ್ಕಳು, ಮೊಮ್ಮಕ್ಕಳು, ಗಂಡ ಇವರಲ್ಲಿ ಯಾರಾದರೊಬ್ಬರು ಇರುವವರೆಗೆ ಅವಳ ಸರದಿ ಬರುವುದಿಲ್ಲ. ಹದಿನೈದು ವರ್ಷ ಅತ್ತೆಯ ಹಾಸಿಗೆ ಬದಲಿಸಿದ ಸೊಸೆಗೂ ಕಾನೂನು ಒಂದು ಮೂಗುಬೊಟ್ಟನ್ನು ಕೊಡುವುದಿಲ್ಲ. ನನ್ನನ್ನು ಕೇಳಿದರೆ ಇದು ನ್ಯಾಯವಲ್ಲ, ಆದರೆ ಇರುವುದು ಹೀಗೆ. ನಿಮ್ಮ ಅತ್ತಿಗೆಯೂ ತಮ್ಮ ಹಕ್ಕಿನಿಂದ ಅಮ್ಮನ ಒಡವೆಯಲ್ಲಿ ಏನನ್ನೂ ಕೇಳಲಾರರು, ಕೇಳಬಹುದಾದದ್ದು ಅವರ ಮಕ್ಕಳ ಪಾಲನ್ನು ಮಾತ್ರ. ಮಾವನ ಆಸ್ತಿಯಲ್ಲಿ ಹಾಗಲ್ಲ. ಮಗನನ್ನು ಕಳೆದುಕೊಂಡ ಮಾವನಿಗೆ ಆ ಮಗನ ವಿಧವೆ ಮೊದಲ ದರ್ಜೆಯ ವಾರಸುದಾರಳು. ನಾಳೆ ನಿಮ್ಮ ಅಪ್ಪ ವಿಲ್ ಬರೆಯದೆ ಹೋದರೆ, ಈಗ ಅವರಿಗೆ ಬರುವ ಐದನೇ ಒಂದು ಭಾಗ ನಾಲ್ಕು ಪಾಲಾಗುತ್ತದೆ. ಅದರಲ್ಲಿ ಅಣ್ಣನ ಪಾಲು ಅತ್ತಿಗೆಗೂ ಇಬ್ಬರು ಮಕ್ಕಳಿಗೂ ಸಮನಾಗಿ ಹೋಗುತ್ತದೆ. ಅತ್ತೆಯಿಂದ ನೇರವಾಗಿ ಬಾರದ ಚಿನ್ನ ಮಾವನ ಕೈ ಹಾದು ಸ್ವಲ್ಪ ಬರುತ್ತದೆ.

ಸೊಸೆಯಂದಿರ ಒಡವೆಯೆಂದರೆ ಇಷ್ಟೇ ಅಲ್ಲ. ಲಾಕರಿನಲ್ಲಿರುವುದೆಲ್ಲ ಅಮ್ಮನದಲ್ಲ. ಅತ್ತಿಗೆಗೆ ಅವರ ತವರಿನವರು ಹಾಕಿದ ಬಳೆ, ಓಲೆ, ಧಾರೆಯ ದಿನ ನಿಮ್ಮ ಮನೆಯವರು ಹಾಕಿದ ಎರಡೆಳೆ ಸರ, ಇವು ಅತ್ತಿಗೆಯ ಸ್ತ್ರೀಧನ. ಭದ್ರವಾಗಿರಲಿ ಎಂದು ಅತ್ತೆಯ ಕೈಗೆ ಕೊಟ್ಟ ಮಾತ್ರಕ್ಕೆ ಅವು ಅತ್ತೆಯವಾಗುವುದಿಲ್ಲ. 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ: ಹೆಣ್ಣಿನ ಸ್ತ್ರೀಧನ ಗಂಡನ ಅಥವಾ ಅತ್ತೆಮಾವನ ಬಳಿ ಇದ್ದರೆ ಅವರು ಅದನ್ನು ಕಾಯುವವರಷ್ಟೇ, ಕೇಳಿದಾಗ ಹಿಂದಿರುಗಿಸದಿದ್ದರೆ ಅದು ನಂಬಿಕೆದ್ರೋಹದ ಅಪರಾಧ. ಅಂದಿನ ದಂಡ ಸಂಹಿತೆ ಹೋಗಿ ಇಂದು ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮು ಬಂದಿದೆ, ತತ್ವ ಅದೇ. ಆದ್ದರಿಂದ ಹಂಚಿಕೆಗೆ ಕೂರುವ ಮೊದಲು ಅತ್ತಿಗೆಯ ಒಡವೆಗಳು ಆ ರಾಶಿಯಿಂದ ಹೊರಗೆ ಬರಬೇಕು. ಅಣ್ಣ ಹೋದ ಮೇಲೂ ಅವು ಅತ್ತಿಗೆಯವೇ. ಅಣ್ಣನ ಮಕ್ಕಳ ಪಾಲೆಂದು ಅವನ್ನೇ ತೋರಿಸಿ ಕೈತೊಳೆದುಕೊಳ್ಳುವ ಜಾಣತನವನ್ನು ನಾನು ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ನೋಡಿದ್ದೇನೆ. ನಿಮ್ಮಲ್ಲಿ ಹಾಗಾಗದಂತೆ ನೋಡಿಕೊಳ್ಳಿ.

ಯಾವುದು ಯಾರದೆಂದು ತಿಳಿಯುವುದು ಹೇಗೆ? ಮದುವೆಯ ಆಲ್ಬಂ ಒಳ್ಳೆಯ ಸಾಕ್ಷಿ. ಧಾರೆಯ ಫೋಟೋದಲ್ಲಿ ಕೊರಳು ಹತ್ತಿರದಿಂದ ಕಾಣುವ ಒಂದನ್ನು ಆರಿಸಿ ದೊಡ್ಡದಾಗಿ ಮುದ್ರಿಸಿಕೊಳ್ಳಿ. ಪದಕದ ಕಲ್ಲುಗಳ ಸಾಲು, ಕೊಂಡಿಯ ಆಕಾರ ಇಷ್ಟು ಕಂಡರೂ ಗುರುತು ಹಿಡಿಯಬಹುದು. ಅಂಗಡಿಯ ರಸೀದಿ ಇದ್ದರೆ ಮಾತೇ ಇಲ್ಲ. ಜನರಿಗೆ ಹೊಳೆಯದ ಇನ್ನೊಂದು ದಾಖಲೆಯಿದೆ, ಚಿನ್ನದ ಸಾಲದ ಅಡವು ಚೀಟಿ. ಅಮ್ಮ ಯಾವಾಗಲಾದರೂ ಒಡವೆಗಳನ್ನು ಬ್ಯಾಂಕಿನಲ್ಲಿ ಅಡವಿಟ್ಟಿದ್ದರೆ, ಆ ಚೀಟಿಯಲ್ಲಿ ಪ್ರತಿ ಒಡವೆಯ ಹೆಸರು, ಒಟ್ಟು ತೂಕ, ಕಲ್ಲು ಕಳೆದ ನಿವ್ವಳ ತೂಕ, ತಾರೀಕು ಎಲ್ಲ ಇರುತ್ತವೆ. ಯಾರ ಹೆಸರಿನಲ್ಲಿ ಸಾಲ ತೆಗೆದರೆಂಬುದು ಒಡೆತನವನ್ನು ತೀರ್ಮಾನಿಸುವುದಿಲ್ಲ. ಆ ದಿನ ಆ ಒಡವೆ ಇತ್ತು, ಇಷ್ಟು ತೂಗುತ್ತಿತ್ತು ಎಂಬುದಕ್ಕೆ ಅದು ಗಟ್ಟಿ ಪುರಾವೆ.

ಕಾಸಿನ ಸರಕ್ಕೆ ಬರುತ್ತೇನೆ. ಅಮ್ಮ ಅದನ್ನು ತಮ್ಮನ ಹೆಂಡತಿಗೆ ನಿಜವಾಗಿಯೂ ಕೊಟ್ಟಿದ್ದರೆ ಅದು ಅವಳದೇ, ಮಗಳಾದ ನೀವು ಪ್ರಶ್ನಿಸುವಂತಿಲ್ಲ. ಒಡವೆಯನ್ನು ದಾನ ಕೊಡಲು ಪತ್ರ ಬೇಕಿಲ್ಲ, ನೋಂದಣಿಯೂ ಬೇಕಿಲ್ಲ. ಸ್ವತ್ತು ಹಸ್ತಾಂತರ ಕಾಯಿದೆಯ 123ನೇ ಕಲಮಿನ ಪ್ರಕಾರ, ಕೊಡುವ ಮನಸ್ಸಿನಿಂದ ಕೈಗೆ ಒಪ್ಪಿಸಿದರೆ ಸಾಕು. ತೊಡಕಿರುವುದು ಆ ಒಪ್ಪಿಸುವಿಕೆಯಲ್ಲಿ. ಸೀಮಂತದ ದಿನ ನೆಂಟರ ಮುಂದೆ ಅಮ್ಮ ಸೊಸೆಯ ಕೊರಳಿಗೆ ಹಾಕಿದರು, ಅಂದಿನಿಂದ ಅದು ಸೊಸೆಯ ಬೀರುವಿನಲ್ಲೇ ಇತ್ತು, ತವರಿಗೆ ಹೋಗುವಾಗಲೂ ಅವಳೇ ಒಯ್ಯುತ್ತಿದ್ದಳು ಎಂದಾದರೆ ಅದು ದಾನ. ಗೌರಿ ಹಬ್ಬಕ್ಕೆ ಹಾಕಿಕೊಂಡು ಮರುದಿನ ಅತ್ತೆಯ ಕೈಗೆ ಹಿಂದಿರುಗಿಸುತ್ತಿದ್ದಳು, ಅದು ಮತ್ತೆ ಲಾಕರಿಗೆ ಹೋಗುತ್ತಿತ್ತು ಎಂದಾದರೆ ತೊಡಲು ಕೊಟ್ಟದ್ದಷ್ಟೇ. "ನನ್ನ ನಂತರ ಇದು ನಿನಗೇ" ಎಂದು ಅಮ್ಮ ನಾಲ್ಕು ಜನರೆದುರು ಹೇಳಿದ್ದರೂ ಅದು ದಾನವಲ್ಲ, ಕೈಗೆ ಕೊಟ್ಟಿಲ್ಲ. ವಿಲ್ ಕೂಡ ಅಲ್ಲ, ಏಕೆಂದರೆ ವಿಲ್ ಬರಹದಲ್ಲಿರಬೇಕು, ಬರೆದವರ ಸಹಿ ಮತ್ತು ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಬಾಯಿಮಾತಿನ ವಿಲ್ ನಡೆಯುವುದು ಯುದ್ಧದಲ್ಲಿರುವ ಸೈನಿಕರಂಥ ಕೆಲವರಿಗೆ ಮಾತ್ರ. ದಾನವಾಗಿದೆ ಎನ್ನುವವರೇ ಅದನ್ನು ತೋರಿಸಬೇಕು. ತಮ್ಮನ ಹೆಂಡತಿಯನ್ನು ಸಿಟ್ಟಿಲ್ಲದೆ ಒಂದು ಪ್ರಶ್ನೆ ಕೇಳಿ: ಕೊಟ್ಟದ್ದು ಯಾವಾಗ, ಎದುರಿಗೆ ಯಾರಿದ್ದರು, ಆಮೇಲೆ ಅದು ಎಲ್ಲಿತ್ತು? ಈ ಮೂರಕ್ಕೂ ಅವಳು ತಡವರಿಸದೆ ಉತ್ತರಿಸಿದರೆ ಅವಳ ಮಾತನ್ನು ಒಪ್ಪಿಕೊಳ್ಳುವುದು ಲೇಸು.

ಒಪ್ಪಿಕೊಂಡರೆ ನಿಮಗೆಷ್ಟು ನಷ್ಟ? ಲೆಕ್ಕ ಹಾಕಿ ನೋಡೋಣ. ತೂಕಗಳು ನನ್ನ ಊಹೆಯವು, ವಿಧಾನ ಮಾತ್ರ ನಿಜದ್ದು. ಲಾಕರಿನಿಂದ ಒಟ್ಟು 480 ಗ್ರಾಂ ಹೊರಬಂತು ಎನ್ನಿ. ಅತ್ತಿಗೆಯ ಒಡವೆ 90 ಗ್ರಾಂ ತೆಗೆದರೆ 390. ಕಲ್ಲು, ಮುತ್ತು, ಹಳೆಯ ಒಡವೆಗಳ ಒಳಗೆ ತುಂಬಿದ ಅರಗು, ಪೋಣಿಸಿದ ದಾರ, ಇವುಗಳಿಗೆ 25 ಗ್ರಾಂ ಕಳೆದರೆ 365. ಇಷ್ಟಕ್ಕೇ ನಿಲ್ಲಬೇಡಿ. ಅಜ್ಜಿಯ ಕಾಲದ ಡಾಬು, ವಂಕಿಯಂಥವು ಇಂದಿನ 22 ಕ್ಯಾರೆಟ್ಟಿನವಲ್ಲದಿರಬಹುದು. ಅಂಗಡಿಯ ಯಂತ್ರದಲ್ಲಿ ಶುದ್ಧತೆ ನೋಡಿಸಿದಾಗ 165 ಗ್ರಾಂ ಒಡವೆ 20 ಕ್ಯಾರೆಟ್ ಎಂದು ಬಂತೆನ್ನಿ. 20 ಕ್ಯಾರೆಟ್ಟಿನ 110 ಗ್ರಾಂ ಎಂದರೆ 22 ಕ್ಯಾರೆಟ್ಟಿನ 100 ಗ್ರಾಂಗೆ ಸಮ, ಆ ಲೆಕ್ಕದಲ್ಲಿ 165 ಗ್ರಾಂ 150 ಆಗುತ್ತದೆ. ಉಳಿದ 200ಕ್ಕೆ ಸೇರಿಸಿದರೆ 350. ಐದು ಪಾಲು ಮಾಡಿದರೆ ತಲಾ 70 ಗ್ರಾಂ, ಅಣ್ಣನ ಮಕ್ಕಳಿಗೆ ತಲಾ 35.

ಕಾಸಿನ ಸರ 64 ಗ್ರಾಂ ಇದೆ, ದಾನವೆಂದು ಸಾಬೀತಾಗಲಿಲ್ಲ ಎಂದಿಟ್ಟುಕೊಳ್ಳಿ. ಒಟ್ಟು 414 ಆಗಿ ಒಬ್ಬೊಬ್ಬರ ಪಾಲು 82.8 ಗ್ರಾಮಿಗೆ ಏರುತ್ತದೆ. ಅಂದರೆ ಸರಕ್ಕಾಗಿ ನೀವು ಹೋರಾಡಿ ಗೆದ್ದರೂ ನಿಮ್ಮ ಪಾಲಿಗೆ ಹೆಚ್ಚಾಗುವುದು ಹದಿಮೂರು ಗ್ರಾಮಿಗಿಂತ ಕಡಿಮೆ. ಹೋರಾಡಬೇಡಿ ಎನ್ನುತ್ತಿಲ್ಲ, ಎಷ್ಟಕ್ಕಾಗಿ ಎಂಬುದು ತಿಳಿದಿರಲಿ.

ಒಡವೆಗಳು 70 ಗ್ರಾಂ ಲೆಕ್ಕದಲ್ಲಿ ತಾವಾಗಿಯೇ ಬಿಡಿಬಿಡಿಯಾಗುವುದಿಲ್ಲ. ಡಾಬು ಒಂದೇ 22 ಕ್ಯಾರೆಟ್ಟಿನ ಲೆಕ್ಕದಲ್ಲಿ 100 ಗ್ರಾಂ ಇದ್ದರೆ, ಅದನ್ನು ಬಯಸುವವರು ಮೇಲಿನ 30 ಗ್ರಾಂ ಬೆಲೆಯನ್ನು ಉಳಿದವರಿಗೆ ಕಟ್ಟಿಕೊಡಬೇಕು. ಯಾವ ದಿನದ ದರ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಮಾತುಕತೆ ಎರಡು ತಿಂಗಳು ಎಳೆದರೆ ದರ ಏರಿರುತ್ತದೆ, ಏರಿದ ದರ ಒಬ್ಬರಿಗೆ ಸಿಹಿ, ಇನ್ನೊಬ್ಬರಿಗೆ ಕಹಿ. ಮಜೂರಿ, ವೇಸ್ಟೇಜ್ ಎಂದು ಯಾರಾದರೂ ಸೇರಿಸಲು ಬಂದರೆ ಒಪ್ಪಬೇಡಿ, ಅವು ಹೊಸ ಒಡವೆ ಕೊಳ್ಳುವಾಗಿನ ಖರ್ಚು.

ನಾಮಿನಿ ಎಂಬ ಕಾರಣಕ್ಕೆ ತಮ್ಮ ಒಡೆಯನಾಗುವುದಿಲ್ಲ. ಬ್ಯಾಂಕಿನಿಂದ ಪಡೆದುಕೊಳ್ಳುವ ಅಧಿಕಾರ ಅವನಿಗಿದೆ, ಪಡೆದದ್ದನ್ನು ವಾರಸುದಾರರಿಗೆ ಒಪ್ಪಿಸುವ ಹೊಣೆಯೂ ಅವನದೇ. ಅಪಾಯವಿರುವುದು ಇದರ ನಡುವೆ. ನಾಮಿನಿ ಬಂದು ಕೇಳಿದಾಗ, ನ್ಯಾಯಾಲಯದ ತಡೆಯಾಜ್ಞೆ ಇಲ್ಲದಿದ್ದರೆ ಬ್ಯಾಂಕು ಲಾಕರಿನ ವಸ್ತುಗಳನ್ನು ಅವನಿಗೆ ಕೊಡಬಹುದು. ನೀವು ಬರೆದ ತಕರಾರು ಪತ್ರವಾಗಲಿ, ವಕೀಲರ ನೋಟಿಸಾಗಲಿ ಕಾನೂನಿನ ಪ್ರಕಾರ ಅದನ್ನು ತಡೆಯುವುದಿಲ್ಲ. ಆದರೆ ಕೊಡುವ ಮೊದಲು ಬ್ಯಾಂಕು ಒಳಗಿರುವುದರ ಪಟ್ಟಿ ಮಾಡಲೇಬೇಕು, ಬ್ಯಾಂಕಿಂಗ್ ನಿಯಂತ್ರಣ ಕಾಯಿದೆ ಹಾಗೆ ಹೇಳುತ್ತದೆ. ಆ ಪಟ್ಟಿಯಲ್ಲಿ "ಹಳದಿ ಲೋಹದ ಸರ, 1" ಎಂಬಷ್ಟೇ ಬರಹವಿದ್ದರೆ ಆಶ್ಚರ್ಯಪಡಬೇಡಿ. ಬ್ಯಾಂಕಿನವರು ಚಿನ್ನ ಒರೆಗೆ ಹಚ್ಚುವವರಲ್ಲ. ಲಾಕರ್ ತೆರೆಯುವ ದಿನ ಅಪ್ಪ, ಅಕ್ಕ, ಅತ್ತಿಗೆ, ನೀವು ಎಲ್ಲರೂ ಹೋಗುವಂತೆ ತಮ್ಮನನ್ನು ಒಪ್ಪಿಸಿ. ಪ್ರತಿ ಒಡವೆಯ ಫೋಟೋ ತೆಗೆದು, ನಿಮ್ಮದೇ ಪಟ್ಟಿ ಮಾಡಿ ಎಲ್ಲರ ಸಹಿ ಹಾಕಿಸಿ, ಅಲ್ಲಿಂದ ನೇರವಾಗಿ ತೂಕಕ್ಕೆ ಹೋಗಿ. ಯಾರಾದರೂ ಉತ್ತರಾಧಿಕಾರ ಪ್ರಮಾಣಪತ್ರ ತನ್ನಿ ಎಂದರೆ, ಅದು ಬ್ಯಾಂಕ್ ಠೇವಣಿ, ಷೇರು, ಬರಬೇಕಾದ ಸಾಲಗಳಿಗೆ ಕೊಡುವ ಪತ್ರ, ಒಡವೆಗೆ ಅನ್ವಯಿಸುವುದಿಲ್ಲ ಎಂದು ತಿಳಿಸಿ.

ತಮ್ಮ ಒಪ್ಪಿದರೆ ಕೌಟುಂಬಿಕ ಒಪ್ಪಂದವೇ ಒಳ್ಳೆಯ ದಾರಿ. ಮೊದಲು ಒಡವೆಗಳನ್ನು ಹಂಚಿಕೊಳ್ಳಿ, ಆಮೇಲೆ ಇಂಥ ದಿನ ಹೀಗೆ ಹಂಚಿಕೊಂಡೆವು ಎಂದು ಬರೆದು ವಯಸ್ಕರೆಲ್ಲ ಸಹಿ ಮಾಡಿ. ಚರಾಸ್ತಿಯಾದ್ದರಿಂದ ನೋಂದಣಿ ಕಡ್ಡಾಯವಲ್ಲ. ಪತ್ರಕ್ಕೆ ಎಷ್ಟು ಸ್ಟ್ಯಾಂಪ್ ಬೇಕೆಂಬುದನ್ನು ಮಾತ್ರ ಸ್ಥಳೀಯ ವಕೀಲರಿಗೆ ತೋರಿಸಿ ಕೇಳಿ. ಅಣ್ಣನ ಮಕ್ಕಳ ಪರವಾಗಿ ತಾಯಿಯಾದ ಅತ್ತಿಗೆ ಸಹಿ ಹಾಕುತ್ತಾರೆ. ಅವರು ಸಂಕೋಚದಿಂದ "ನಮಗೇನೂ ಬೇಡ" ಎಂದರೂ ಆ ಮಾತಿಗೆ ಸಹಿ ಹಾಕಿಸಬೇಡಿ. ಮಕ್ಕಳ ಪಾಲನ್ನು ಸುಮ್ಮನೆ ಬಿಟ್ಟುಕೊಡುವ ಅಧಿಕಾರ ಅವರಿಗಿಲ್ಲ, ಹದಿನೆಂಟು ತುಂಬಿದ ಮೇಲೆ ಆ ಮಕ್ಕಳು ಇಡೀ ಒಪ್ಪಂದವನ್ನು ಪ್ರಶ್ನಿಸಬಹುದು. ಸೊಸೆಯಂದಿರಿಗೆ ಅತ್ತೆಯ ನೆನಪಿಗೆಂದು ಏನಾದರೂ ಕೊಡಬೇಕೆಂದಿದ್ದರೆ ವಯಸ್ಕರು ತಮ್ಮ ತಮ್ಮ ಪಾಲಿನಿಂದ ಕೊಡಲಿ. ನಾನು ಕೂತ ಎಷ್ಟೋ ಮಾತುಕತೆಗಳಲ್ಲಿ ಗಂಟು ಬಿಚ್ಚಿದ್ದು ಅಪ್ಪ ತಮ್ಮ ಪಾಲನ್ನು ಸೊಸೆಯಂದಿರಿಗೆ ಕೊಡುತ್ತೇನೆಂದಾಗ. ಒತ್ತಾಯದಿಂದಲ್ಲ, ಅವರದೇ ಮನಸ್ಸಿನಿಂದ ಬಂದರೆ ಅದಕ್ಕಿಂತ ಹಗುರಾದ ಪರಿಹಾರವಿಲ್ಲ.

ತಮ್ಮ ಒಪ್ಪದೆ, ಒಬ್ಬನೇ ಲಾಕರ್ ತೆರೆಯುವ ಸೂಚನೆ ಕಂಡರೆ ತಡಮಾಡಬೇಡಿ. ಸಿವಿಲ್ ನ್ಯಾಯಾಲಯದಲ್ಲಿ ಪಾಲಿನ ದಾವೆ ಹಾಕಿ, ಜೊತೆಯಲ್ಲೇ ಲಾಕರಿಗೆ ತಡೆಯಾಜ್ಞೆ ಕೇಳಬೇಕು. ಲಾಕರ್ ತೆರೆದು ಪಟ್ಟಿ ಮಾಡಲು ಕಮಿಷನರನ್ನು ನೇಮಿಸುವಂತೆಯೂ ಕೇಳಬಹುದು. ಜಮೀನು ಎಲ್ಲಿಗೂ ಓಡಿಹೋಗುವುದಿಲ್ಲ. ಚಿನ್ನ ಒಂದು ಮಧ್ಯಾಹ್ನದಲ್ಲಿ ಕರಗಿ ಗಟ್ಟಿಯಾಗುತ್ತದೆ, ಆಮೇಲೆ ಯಾವ ಆಲ್ಬಮಿನಿಂದಲೂ ಗುರುತು ಹಿಡಿಯಲಾಗದು. ದಾವೆ ವರ್ಷಗಟ್ಟಲೆ ನಡೆಯಬಹುದು, ನ್ಯಾಯಾಲಯ ಶುಲ್ಕದ ಖರ್ಚಿದೆ. ನಡುವೆ ಮಧ್ಯಸ್ಥಿಕೆಗೆ ಕಳುಹಿಸಿದರೆ ಹೋಗಿ, ತಡೆಯಾಜ್ಞೆ ಸಿಕ್ಕ ಮೇಲೆ ಮಾತು ಬೇಗ ಮುಗಿಯುವುದುಂಟು.

ಕೊನೆಯದು ನಿಮ್ಮ ಅಕ್ಕನ ವಿಷಯ, ನೀವು ಕೇಳಿಲ್ಲ, ಆದರೂ ಹೇಳಬೇಕು. ಅವರಿಗೆ ಈಗ ಅಮ್ಮನಿಂದ ಬರುವ ಪಾಲು ಉತ್ತರಾಧಿಕಾರದಿಂದ ಬಂದದ್ದು. ಅಕ್ಕ ವಿಲ್ ಬರೆಯದೆ ತೀರಿಕೊಂಡರೆ, ಮಕ್ಕಳಿಲ್ಲದ ಕಾರಣ ಅದು ಅಪ್ಪನ ವಾರಸುದಾರರಿಗೆ, ಅಂದರೆ ತವರಿಗೆ ಮರಳುತ್ತದೆ. ಅವರ ಮದುವೆಯಲ್ಲಿ ಅಮ್ಮನೇ ಹಾಕಿದ ಬಳೆಗಳು ಉಡುಗೊರೆ, ಉತ್ತರಾಧಿಕಾರದಿಂದ ಬಂದವಲ್ಲ. ಅವು ಅಕ್ಕನ ಗಂಡನ ವಾರಸುದಾರರಿಗೆ, ಮೈದುನನಿಗೋ ಅವನ ಮಕ್ಕಳಿಗೋ ಹೋಗುತ್ತವೆ. ಒಬ್ಬಳೇ ತಾಯಿ ಕೊಟ್ಟ ಎರಡು ಜೊತೆ ಬಳೆಗಳಲ್ಲಿ ಒಂದು ಈ ಮನೆಗೆ, ಇನ್ನೊಂದು ಆ ಮನೆಗೆ. ಎರಡನ್ನೂ ಕರಗಿಸಿ ಒಂದೇ ಸರ ಮಾಡಿಸಿಕೊಂಡರೆ ಯಾವ ಭಾಗ ಎಲ್ಲಿಯದೆಂದು ತೋರಿಸುವುದೇ ಕಷ್ಟ, ಹಂಚಿಕೆಯ ಪತ್ರವನ್ನು ಅಕ್ಕ ಜೋಪಾನ ಮಾಡಬೇಕಾದದ್ದು ಅದಕ್ಕೇ. ಇದಕ್ಕಿಂತ ಸುಲಭದ್ದು ವಿಲ್. ಬಿಳಿ ಹಾಳೆಯಲ್ಲಿ ಬರೆದರೂ ನಡೆಯುತ್ತದೆ, ಸ್ಟ್ಯಾಂಪ್ ಬೇಡ, ನೋಂದಣಿ ಅವರಿಷ್ಟ. ಒಡವೆಗಳನ್ನು ಹೆಸರು ಮತ್ತು ತೂಕದ ಸಮೇತ ಬರೆಯಲಿ, ತನಗಿಂತ ಕಿರಿಯರಾದ ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಲಿ. ಆ ವಿಲ್ಲಿನಲ್ಲಿ ನಿಮಗೇನಾದರೂ ಬರುವುದಿದ್ದರೆ ಸಾಕ್ಷಿಯ ಸಾಲಿನಲ್ಲಿ ನಿಮ್ಮ ಸಹಿ ಬೇಡ, ಅನುಮಾನಕ್ಕೆ ಎಡೆಯಾಗುತ್ತದೆ.